ಪಾತ್ರೆ ಅಂಗಡಿಯ ಲೆಕ್ಕಕ್ಕೆ ಲಿಬ್ರೆಆಫೀಸ್ ಕ್ಯಾಲ್ಕ್: ಐದನೇ ವರ್ಷದ ಬಳಕೆಯಲ್ಲಿ ಕಂಡದ್ದು

ಉಡುಪಿಯಲ್ಲಿ ನಮ್ಮ ದೊಡ್ಡಪ್ಪನ ಪಾತ್ರೆ ಅಂಗಡಿ ಇದೆ. ಸ್ಟೀಲು, ಹಿತ್ತಾಳೆ, ಕಾಲುದೀಪ, ಆರತಿ ತಟ್ಟೆ, ಇಡ್ಲಿ ಅಟ್ಟ, ಹೀಗೆ. 2021ರ ಜೂನ್‌ನಿಂದ ಅಂಗಡಿಯ ಮಾರಾಟದ ಲೆಕ್ಕವನ್ನು ನಾನು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್‌ನಲ್ಲಿ ಇಡುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಅಂಗಡಿಯ ಹಳೇ ಕಂಪ್ಯೂಟರ್‌ನಲ್ಲೂ ನಡೆಯುತ್ತದೆ. ದಿನಕ್ಕೆ ಸರಾಸರಿ 40 ಬಿಲ್ಲು ಅಂದರೆ ವರ್ಷಕ್ಕೆ ಸುಮಾರು 14,000 ಸಾಲು. ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಯುವುದರಿಂದ ಐದು ವರ್ಷದ ಬಿಲ್ಲು ಒಂದೇ ಕಡೆ ಇದೆ. ಆ ವಿಷಯದಲ್ಲಿ ಯಾವ ದೂರೂ ಇಲ್ಲ.

ನಾನು ಬರೆಯಹೊರಟಿದ್ದು ಒಂದೇ ಕೆಲಸದ ಬಗ್ಗೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ನಮ್ಮ ಹಣಕಾಸು ವರ್ಷಕ್ಕೆ ಸರಿಯಾಗಿ ಮೂರು ಮೂರು ತಿಂಗಳ ಮಾರಾಟ ಕೂಡಿಸುವುದು. ನಾವು ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದೇವೆ. ಕ್ವಾರ್ಟರ್ ಮುಗಿದ ಮುಂದಿನ ತಿಂಗಳ 18ರೊಳಗೆ CMP-08 ಫಾರಂ ತುಂಬಿ, ಆ ಮೂರು ತಿಂಗಳ ವಹಿವಾಟಿನ ಮೇಲೆ ಶೇ. 1 ಕಟ್ಟಬೇಕು. ಹಾಗಾಗಿ ಕ್ವಾರ್ಟರ್‌ನ ಮೊತ್ತವೇ ನಮಗೆ ತೆರಿಗೆಯ ಲೆಕ್ಕ. ಒಂದು ದಿನದ ಬಿಲ್ಲು ಆಚೀಚೆ ಆದರೂ ತಪ್ಪೇ.

ಮೊದಲ ನಾಲ್ಕು ವರ್ಷ ದಿನಾಂಕಗಳನ್ನು ನಾನೇ ಕೈಯಲ್ಲಿ ಟೈಪ್ ಮಾಡುತ್ತಿದ್ದೆ. A ಕಾಲಂನಲ್ಲಿ ದಿನಾಂಕ, D ಕಾಲಂನಲ್ಲಿ ಮೊತ್ತ. ಜೂನ್ ಕ್ವಾರ್ಟರ್‌ಗೆ ಹೀಗೆ ಬರೆದಿದ್ದೆ:

```
=SUMIFS(D:D,A:A,">="&DATE(2025,4,1),A:A,"<="&DATE(2025,6,30))
```

ವರ್ಷ ಬದಲಾದಾಗ ಇಸವಿ ಬದಲಿಸಿದರೆ ಆಯಿತು. ದೊಡ್ಡಪ್ಪನ ಕೈಬರಹದ ದಿನವಹಿಯ ಜೊತೆ ಪ್ರತಿ ಸಲವೂ ತಾಳೆಯಾಗುತ್ತಿತ್ತು.

2025ರ ಏಪ್ರಿಲ್‌ನಲ್ಲಿ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದೆವು. ಅದರಿಂದ ಫೈಲ್ ತೆಗೆದು ಕ್ಯಾಲ್ಕ್‌ಗೆ ತಂದರೆ ಟೈಪ್ ಮಾಡುವ ಕೆಲಸವೇ ಇಲ್ಲ. ಜುಲೈ ಮೊದಲ ವಾರ ಮೊತ್ತ ನೋಡಿದೆ, 8,91,840 ರೂಪಾಯಿ. ದಿನವಹಿಯಲ್ಲಿ 9,14,260. ಕಡಿಮೆಯಾದದ್ದು 22,420. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ದಿನವಹಿಯ ಕೊನೆಯ ಪುಟ ತೆಗೆದರು. "ಜೂನ್ ಮೂವತ್ತರ ವ್ಯಾಪಾರ ಸರಿಯಾಗಿ ಇಷ್ಟೇ ಉಂಟಲ್ಲ ಮಾರಾಯಾ, ಅದು ಎಲ್ಲಿ ಹೋಯಿತು?" ಎಂದರು.

ಹಾಳೆಯಲ್ಲಿ ಜೂನ್ 30ರ ಬಿಲ್ಲುಗಳೆಲ್ಲ ಇದ್ದವು. ದಿನಾಂಕವೂ ಸರಿ ಇತ್ತು. ಆದರೂ ಮೊತ್ತಕ್ಕೆ ಸೇರಿರಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಆ ಕಾಲಂ ಅನ್ನು ಸಾಮಾನ್ಯ ಸಂಖ್ಯೆಯಾಗಿ ತೋರಿಸುವಂತೆ ಬದಲಿಸಿದೆ. ಆಗ ಕಂಡಿತು. ಕ್ಯಾಲ್ಕ್ ದಿನಾಂಕವನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2025ರ ಜೂನ್ 30 ಅಂದರೆ 45838. ಹೊಸ ಸಾಫ್ಟ್‌ವೇರ್ ಬಿಲ್ಲಿನ ಗಂಟೆಯನ್ನೂ ಸೇರಿಸಿ ಕಳಿಸುತ್ತಿತ್ತು. ಗಂಟೆ ಇದ್ದರೆ ಅದು ದಶಮಾಂಶವಾಗಿ ಸೇರುತ್ತದೆ. ಮಧ್ಯಾಹ್ನ 12ರ ಬಿಲ್ಲು 45838.5. ನನ್ನ ಸೂತ್ರ ಕೇಳಿದ್ದು 45838ಕ್ಕಿಂತ ಜಾಸ್ತಿ ಆಗದ್ದನ್ನು ಮಾತ್ರ. ಅಂದರೆ ಜೂನ್ 30ರ ಮಧ್ಯರಾತ್ರಿ ಸೊನ್ನೆ ಗಂಟೆಗೇ ಕ್ವಾರ್ಟರ್ ಮುಗಿಯುತ್ತಿತ್ತು. ಕಾಲಂ ಬರೀ ದಿನಾಂಕ ತೋರಿಸುವ ಹಾಗೆ ಇದ್ದದ್ದರಿಂದ ಗಂಟೆ ಕಣ್ಣಿಗೆ ಬಿದ್ದಿರಲಿಲ್ಲ. ಉಳಿದ ದಿನಗಳಿಗೆ ಏನೂ ಆಗುವುದಿಲ್ಲ, ಕೊನೆಯ ದಿನ ಮಾತ್ರ ಇಡೀ ಬಿಟ್ಟುಹೋಗುತ್ತದೆ.

ಗಡಿಯನ್ನು "<="&DATE(2025,6,30) ಎನ್ನುವ ಬದಲು "<"&DATE(2025,7,1) ಎಂದು ಬರೆದೆ. 9,14,260 ಬಂತು. ತೆರಿಗೆಯಲ್ಲಿ ವ್ಯತ್ಯಾಸ 224 ರೂಪಾಯಿ 20 ಪೈಸೆ ಅಷ್ಟೇ. ಆದರೆ ದಿನವಹಿ ಇಲ್ಲದಿದ್ದರೆ ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು.

ಆ ನಂತರ ಪ್ರತಿ ಕ್ವಾರ್ಟರ್‌ಗೂ ತಾರೀಕು ಬರೆಯುವ ಪದ್ಧತಿಯನ್ನೇ ಬಿಟ್ಟೆ. ಪ್ರತಿ ಬಿಲ್ಲಿನ ಪಕ್ಕದಲ್ಲೇ ಅದು ಯಾವ ಹಣಕಾಸು ವರ್ಷ, ಯಾವ ಕ್ವಾರ್ಟರ್ ಎಂದು ಬರೆದಿಡುವುದು ಒಳ್ಳೆಯದು. ಉಪಾಯ ಸುಲಭ. ದಿನಾಂಕವನ್ನು ಮೂರು ತಿಂಗಳು ಹಿಂದಕ್ಕೆ ತಳ್ಳಿದರೆ ಏಪ್ರಿಲ್ ಜನವರಿಯಾಗುತ್ತದೆ, ಮಾರ್ಚ್ ಹಿಂದಿನ ಡಿಸೆಂಬರ್ ಆಗುತ್ತದೆ. ಆಮೇಲೆ ಮಾಮೂಲಿ ವರ್ಷದ ಲೆಕ್ಕವೇ ಸಾಕು.

ಮೊದಲು ನಾನು ಸುಮ್ನೆ 90 ದಿನ ಕಳೆದೆ. ಅದು ತಪ್ಪು. ಜೂನ್ 30ರಿಂದ 90 ದಿನ ಹಿಂದೆ ಹೋದರೆ ಏಪ್ರಿಲ್ 1 ಬರುತ್ತದೆ. ಹಾಗಾಗಿ ಆ ದಿನದ ವ್ಯಾಪಾರ ಎರಡನೇ ಕ್ವಾರ್ಟರ್‌ಗೆ ಹಾರುತ್ತದೆ. ಸೆಪ್ಟೆಂಬರ್ 29, 30 ಮತ್ತು ಡಿಸೆಂಬರ್ 30, 31 ಕೂಡ ಹೀಗೆಯೇ ಮುಂದಕ್ಕೆ ಹೋಗುತ್ತವೆ. ಫೆಬ್ರವರಿಯಲ್ಲಿ 29 ದಿನ ಇದ್ದ 2024ರಲ್ಲಂತೂ ಮಾರ್ಚ್ 31 ಮುಂದಿನ ಹಣಕಾಸು ವರ್ಷಕ್ಕೇ ಸೇರಿಬಿಟ್ಟಿತು! ತಿಂಗಳುಗಳ ಉದ್ದ ಒಂದೇ ಅಲ್ಲವಲ್ಲ. ದಿನ ಕಳೆಯಬಾರದು, ತಿಂಗಳು ಕಳೆಯಬೇಕು. ಅದಕ್ಕೆ EDATE ಇದೆ. ಈಗ E ಕಾಲಂನಲ್ಲಿ ವರ್ಷ, F ಕಾಲಂನಲ್ಲಿ ಕ್ವಾರ್ಟರ್:

```
=YEAR(EDATE(A2,-3))
=ROUNDUP(MONTH(EDATE(A2,-3))/3,0)
```

2025ರ ಮೇ 31 ಇದ್ದರೆ EDATE ಫೆಬ್ರವರಿ 31ನ್ನು ಹುಡುಕಿ ಕಂಗಾಲಾಗುವುದಿಲ್ಲ, ಫೆಬ್ರವರಿ 28ಕ್ಕೆ ನಿಲ್ಲುತ್ತದೆ. ಮೊದಲ ಕ್ವಾರ್ಟರ್ ಎಂದೇ ಉತ್ತರ ಬರುತ್ತದೆ. ಬಿಲ್ಲಿನ ಗಂಟೆಯನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. E ಕಾಲಂನ 2025 ಅಂದರೆ 2025-26 ಎಂದು ಓದಿಕೊಳ್ಳಬೇಕು. 2026ರ ಜನವರಿಯ ಬಿಲ್ಲಿನ ಪಕ್ಕವೂ 2025 ಎಂದೇ ಇರುತ್ತದೆ. ಕೂಡಿಸುವ ಸೂತ್ರ ಈಗ ಇಷ್ಟೇ:

```
=SUMIFS(D:D,E:E,2025,F:F,1)
```

ಪಿವೊಟ್ ಟೇಬಲ್‌ನಲ್ಲಿ ದಿನಾಂಕವನ್ನು ಕ್ವಾರ್ಟರ್ ಪ್ರಕಾರ ಗುಂಪು ಮಾಡುವ ಸೌಲಭ್ಯ ಕ್ಯಾಲ್ಕ್‌ನಲ್ಲೇ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಅದು ಜನವರಿಯಿಂದ ಎಣಿಸುತ್ತದೆ. ಜನವರಿ-ಮಾರ್ಚ್ ಅದಕ್ಕೆ ಮೊದಲ ಕ್ವಾರ್ಟರ್, ನಮಗೆ ನಾಲ್ಕನೆಯದು. ಆದ್ದರಿಂದ E ಅನ್ನು ಸಾಲಿಗೆ, F ಅನ್ನು ಕಾಲಂಗೆ ಎಳೆದು ಪಿವೊಟ್ ಮಾಡುತ್ತೇನೆ. ಹೊಸ ಬಿಲ್ಲು ಸೇರಿಸಿದ ಮೇಲೆ ಬಲ ಕ್ಲಿಕ್ ಮಾಡಿ Refresh ಒತ್ತುವುದನ್ನು ಮರೆಯಬಾರದು. ತಾನಾಗಿ ಬದಲಾಗುವುದಿಲ್ಲ.

ಇನ್ನೊಂದು ಪೆಟ್ಟು ಬಿದ್ದದ್ದು ನವೆಂಬರ್‌ನಲ್ಲಿ, ಅಂಗಡಿಯ ಕಂಪ್ಯೂಟರ್ ಬದಲಿಸಿದಾಗ. ಅಕ್ಟೋಬರ್‌ನ ಫೈಲ್ ತೆಗೆದುಕೊಂಡ ಕೂಡಲೇ ಏಪ್ರಿಲ್-ಜೂನ್ ಮೊತ್ತ ಏರಿತು. ಆ ಕ್ವಾರ್ಟರ್‌ನ ತೆರಿಗೆ ಕಟ್ಟಿ ತಿಂಗಳುಗಳೇ ಆಗಿದ್ದವು! ಮುಗಿದ ಕ್ವಾರ್ಟರ್ ಬದಲಾಗುವುದಕ್ಕೆ ಕಾರಣವೇ ಇಲ್ಲ. ನೋಡಿದರೆ ಹೊಸ ಕಂಪ್ಯೂಟರ್‌ನಲ್ಲಿ ಭಾಷೆ ಅಮೆರಿಕದ ಇಂಗ್ಲಿಷಿಗೆ ಇತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 04/10/2025 ಎಂಬ ನಮ್ಮ ಅಕ್ಟೋಬರ್ 4 ಅದಕ್ಕೆ ಏಪ್ರಿಲ್ 10 ಆಯಿತು. ಇನ್ನು 13/10/2025ರಿಂದ ಮುಂದಿನವು ದಿನಾಂಕವೇ ಆಗಲಿಲ್ಲ, ಏಕೆಂದರೆ 13ನೇ ತಿಂಗಳು ಎಲ್ಲಿದೆ? ಅವು ಬರೀ ಅಕ್ಷರಗಳಾಗಿ ಉಳಿದವು.

ಇದರ ಗುರುತು ಕಣ್ಣಿಗೇ ಕಾಣುತ್ತದೆ. 12ನೇ ತಾರೀಕಿನವರೆಗಿನ ದಿನಾಂಕಗಳು ಸೆಲ್‌ನ ಬಲಕ್ಕೆ ಅಂಟಿರುತ್ತವೆ, 13ರಿಂದ ಮುಂದಿನವು ಎಡಕ್ಕೆ. ಅವುಗಳ ಪಕ್ಕ E ಮತ್ತು F ಕಾಲಂನಲ್ಲಿ #VALUE! ಬರುತ್ತದೆ. ಹಳೆಯ ಸೂತ್ರವಾದರೆ ಅಂಥ ಸಾಲುಗಳನ್ನು ಏನೂ ಹೇಳದೆ ಬಿಟ್ಟು ಕೂಡಿಸುತ್ತಿತ್ತು. ಈಗಲೂ SUMIFS ಬಿಟ್ಟೇ ಕೂಡಿಸುತ್ತದೆ, ಆದರೆ ಕಾಲಂನಲ್ಲಿ ತಪ್ಪು ಎದ್ದು ಕಾಣುತ್ತದಲ್ಲ, ಅದು ಸಾಕು. ಆ ಸಾಲುಗಳನ್ನು ಅಲ್ಲೇ ತಿದ್ದಲು ಹೋಗಲಿಲ್ಲ. ತಿರುಗಿಹೋದ ದಿನಾಂಕ ಯಾವುದು, ನಿಜದ್ದು ಯಾವುದು ಎಂದು ಆಮೇಲೆ ಹೇಳುವುದು ಕಷ್ಟ. ಎಲ್ಲ ಅಳಿಸಿ ಫೈಲ್ ಮತ್ತೆ ತೆರೆದೆ. ಫೈಲ್ ತೆರೆಯುವಾಗ ಬರುವ ಕಿಟಕಿಯಲ್ಲಿ ದಿನಾಂಕದ ಕಾಲಂ ಮೇಲೆ ಕ್ಲಿಕ್ ಮಾಡಿ, ಅದರ ಬಗೆಯನ್ನು Date (DMY) ಎಂದು ಆರಿಸಿದೆ. ಈಗ ಪ್ರತಿ ತಿಂಗಳೂ ಹಾಗೆಯೇ ಮಾಡುತ್ತೇನೆ.

ತಾಳೆ ನೋಡುವುದಕ್ಕೆ ಹಾಳೆಯ ಮೇಲ್ಭಾಗದಲ್ಲಿ ಎರಡು ವಿಷಯ ಇಟ್ಟಿದ್ದೇನೆ. ಮೊದಲನೆಯದು, ಎಲ್ಲ ಕ್ವಾರ್ಟರ್‌ಗಳ ಮೊತ್ತ ಸೇರಿ D ಕಾಲಂನ ಒಟ್ಟು ಮೊತ್ತಕ್ಕೆ ಸಮ ಇದೆಯೇ ಎಂಬುದು. ಬಿಟ್ಟುಹೋದ ಬಿಲ್ಲು ಇಲ್ಲಿ ಸಿಕ್ಕಿಬೀಳುತ್ತದೆ. ಆದರೆ ತಪ್ಪು ಕ್ವಾರ್ಟರ್‌ಗೆ ಹೋದ ಬಿಲ್ಲು ಇದರಲ್ಲಿ ಸಿಗುವುದಿಲ್ಲ, ಏಕೆಂದರೆ ಅದು ಎಲ್ಲೋ ಒಂದು ಕಡೆ ಸೇರಿಯೇ ಇರುತ್ತದೆ. 90 ದಿನದ ತಪ್ಪು ಅಂಥದ್ದು. ಅದಕ್ಕಾಗಿ ಎರಡನೆಯದು, ಪ್ರತಿ ಕ್ವಾರ್ಟರ್‌ನ ಮೊದಲ ಮತ್ತು ಕೊನೆಯ ಬಿಲ್ಲಿನ ದಿನಾಂಕ. MINIFS, MAXIFS ಹಾಕಿದರೆ ಬರುತ್ತದೆ. ಜೂನ್ ಕ್ವಾರ್ಟರ್‌ನ ಕೊನೆಯ ದಿನಾಂಕ ಜೂನ್ 29 ಎಂದು ತೋರಿಸಿದರೆ, 30ಕ್ಕೆ ಅಂಗಡಿ ತೆರೆದಿತ್ತೋ ಇಲ್ಲವೋ ಎಂದು ದೊಡ್ಡಪ್ಪನನ್ನು ಕೇಳುತ್ತೇನೆ. ಹಿಂದು ಮುಂದಾದ ದಿನ-ತಿಂಗಳು ಇದರಲ್ಲೂ ಅಡಗಿ ಕೂರಬಹುದು. ಅದಕ್ಕೆ ತೆರಿಗೆ ಕಟ್ಟಿದ ಕ್ವಾರ್ಟರ್‌ನ ಮೊತ್ತವನ್ನು ಸೂತ್ರವಿಲ್ಲದೆ ಪಕ್ಕದಲ್ಲಿ ಟೈಪ್ ಮಾಡಿ ಇಡುತ್ತೇನೆ. ಸೂತ್ರದ ಮೊತ್ತ ಆಮೇಲೆ ಕದಲಿದರೆ ಗೊತ್ತಾಗಿಬಿಡುತ್ತದೆ.

ಒಂದು ಉಡುಪಿಯ ಮಾತು. ಎಲ್ಲರೂ ಈ ವರ್ಷದ ಕ್ವಾರ್ಟರ್ ಅನ್ನು ಹಿಂದಿನ ವರ್ಷದ ಅದೇ ಕ್ವಾರ್ಟರ್ ಜೊತೆ ಹೋಲಿಸುತ್ತಾರೆ. ನಮ್ಮಲ್ಲಿ ನಾಲ್ಕನೇ ಕ್ವಾರ್ಟರ್‌ಗೆ ಅದು ನಡೆಯುವುದಿಲ್ಲ. ಕೃಷ್ಣ ಮಠದ ಪರ್ಯಾಯ ಉತ್ಸವ ಬರುವುದು ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. 2022, 2024, 2026, ಹೀಗೆ ಸರಿಸಂಖ್ಯೆಯ ಇಸವಿಗಳಲ್ಲಿ. ಅಂದರೆ ನಮ್ಮ ಹಾಳೆಯಲ್ಲಿ E ಕಾಲಂ 2021, 2023, 2025 ಎಂದು ಇರುವ ನಾಲ್ಕನೇ ಕ್ವಾರ್ಟರ್‌ಗಳಲ್ಲಿ. ಊರಿಗೆ ಅಷ್ಟು ಜನ ಬಂದಾಗ ದೀಪ, ತಟ್ಟೆಗಳ ಮಾರಾಟವೇ ಬೇರೆ. ಮರುವರ್ಷ ಇಳಿದದ್ದನ್ನು ನೋಡಿ 2023ರಲ್ಲಿ ನಾನು ವ್ಯಾಪಾರ ಬಿದ್ದುಹೋಯಿತು ಎಂದು ಹೆದರಿದ್ದೆ. ಈಗ ಪಿವೊಟ್‌ನಲ್ಲಿ ಪರ್ಯಾಯದ ವರ್ಷಗಳನ್ನು ಒಂದು ಕಡೆ, ಉಳಿದವನ್ನು ಇನ್ನೊಂದು ಕಡೆ ಇಡುತ್ತೇನೆ. ಮುಂದಿನದು 2028ರ ಜನವರಿಗೆ, ಅಂದರೆ 2027-28ರ ಸಾಲಿಗೆ. ಅದಕ್ಕೆ ಎಷ್ಟು ಕಾಲುದೀಪ ತರಿಸಬೇಕು ಎಂದು ದೊಡ್ಡಪ್ಪ ಆ ಮೂರು ಸಾಲುಗಳ ಪ್ರಿಂಟ್ ತೆಗೆಸಿ ದಿನವಹಿಯ ಒಳಗೆ ಇಟ್ಟುಕೊಂಡಿದ್ದಾರೆ.