ಸ್ವಂತ ಗೋದಾಮಿನ ಪಾಲಿಸಿಯೋ, ಉಗ್ರಾಣದ ರಸೀದಿಯೋ: ಸಾವಿರ ಕ್ವಿಂಟಲ್ ಭತ್ತದ ಲೆಕ್ಕದಲ್ಲಿ

ಶಿವಮೊಗ್ಗ ಸೀಮೆಯಲ್ಲಿ ಭತ್ತ ದಾಸ್ತಾನಿಟ್ಟು ವಿಮೆ ಮಾಡಿಸುವವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಸ್ವಂತ ಗೋದಾಮಿನಲ್ಲಿಟ್ಟು ಬೆಂಕಿ ವಿಮೆ ಮಾಡಿಸುವುದು ಒಂದು. ಉಗ್ರಾಣಗಳ ನಿಯಂತ್ರಣ ಪ್ರಾಧಿಕಾರವಾದ ಡಬ್ಲ್ಯುಡಿಆರ್‌ಎಯ ನೋಂದಣಿ ಇರುವ ಉಗ್ರಾಣಕ್ಕೆ ಹಾಕಿ ರಸೀದಿ ಪಡೆಯುವುದು ಇನ್ನೊಂದು. ಅಲ್ಲಿ ವಿಮೆ ಉಗ್ರಾಣದವರ ಹೊಣೆ. ಎರಡನ್ನೂ ಬಳಸಿ ನೋಡಿದ ಮೇಲೆ ನಮ್ಮ ತೀರ್ಮಾನ ಇಷ್ಟು: ಪ್ರೀಮಿಯಂ ಎಷ್ಟು, ಬಾಡಿಗೆ ಎಷ್ಟು ಎಂಬ ಹೋಲಿಕೆ ಕೊನೆಗೆ ನೋಡುವಂಥದ್ದು. ಯಾವ ನಷ್ಟಕ್ಕೆ ಯಾರನ್ನು ಕೇಳಬಹುದು, ಕೇಳುವಾಗ ಕೈಯಲ್ಲಿ ಯಾವ ಬರಹ ಇರಬೇಕು ಎಂಬುದನ್ನು ಮೊದಲು ನೋಡಬೇಕು.

ಇಲಿ, ನುಸಿ, ತೇವ ಆರಿ ಇಳಿಯುವ ತೂಕ, ನಿಧಾನಕ್ಕೆ ಹಿಡಿಯುವ ಬೂಷ್ಟು, ಈ ನಾಲ್ಕಕ್ಕೂ ಬೆಂಕಿ ಪಾಲಿಸಿ ಹಣ ಕೊಡುವುದಿಲ್ಲ. ಆ ಪಾಲಿಸಿ ಹೆಸರಿಸಿದ ಅಪಾಯಗಳಿಗೆ ಮಾತ್ರ: ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ ಇತ್ಯಾದಿ. ಇಲಿ ಆ ಪಟ್ಟಿಯಲ್ಲಿಲ್ಲ. ಆದರೆ ಇಲಿ ಕರೆಂಟಿನ ವೈರು ಕಡಿದು ಕಿಡಿ ಹಾರಿ ಅಟ್ಟಿಗೆ ಬೆಂಕಿ ಹತ್ತಿದರೆ, ಸುಟ್ಟ ಭತ್ತ ಬೆಂಕಿಯ ನಷ್ಟವೇ ಆಗುತ್ತದೆ. ಶಾರ್ಟ್ ಆದ ಸ್ವಿಚ್ ಬೋರ್ಡಿನ ಬೆಲೆ ಸಾಮಾನ್ಯವಾಗಿ ಹೊರಗುಳಿಯುತ್ತದೆ, ಅಲ್ಲಿಂದ ಹರಡಿದ ಬೆಂಕಿ ತಿಂದ ಮಾಲು ಒಳಗೆ ಬರುತ್ತದೆ. ಕಳ್ಳತನದ ಪಾಲಿಸಿಯಲ್ಲೂ ಇಂಥದೇ ಗೆರೆ ಇದೆ. ಬೀಗ, ಬಾಗಿಲು, ಗೋಡೆ ಒಡೆದ ಗುರುತು ಬೇಕು. ಎಣಿಸಿದಾಗ ಕಡಿಮೆ ಬಂತು ಎಂದರೆ ಅದು ಕ್ಲೇಮೇ ಅಲ್ಲ.

ಉಗ್ರಾಣದ ದಾರಿಯ ನಿಜವಾದ ವ್ಯತ್ಯಾಸ ಇಲ್ಲಿದೆ. ಇಲಿ ತಿಂದದ್ದಕ್ಕೆ ಅಲ್ಲಿಯೂ ವಿಮಾ ಕಂಪನಿ ಕೊಡುವುದಿಲ್ಲ, ಆದರೆ ಕೇಳಲು ಒಬ್ಬ ಮನುಷ್ಯ ಇದ್ದಾನೆ. 2007ರ ಉಗ್ರಾಣ ಕಾಯ್ದೆಯ ಪ್ರಕಾರ, ಎಚ್ಚರದ ಮಾಲೀಕ ತನ್ನ ಮಾಲನ್ನು ನೋಡಿಕೊಳ್ಳುವಷ್ಟು ಕಾಳಜಿಯನ್ನು ಉಗ್ರಾಣದವರು ವಹಿಸಬೇಕು. ಅವರ ನಿರ್ಲಕ್ಷ್ಯದಿಂದ ಮಾಲು ಹಾಳಾದರೆ ಅದರ ಬೆಲೆಯ ಜೊತೆಗೆ ಕೈತಪ್ಪಿದ ಲಾಭವನ್ನೂ ಕೇಳಬಹುದು. ಎಚ್ಚರ ವಹಿಸಿಯೂ ಹಾಳಾದರೆ, ಒಳಗಿಟ್ಟ ದಿನದ ಬೆಲೆಯಷ್ಟು ಪರಿಹಾರ. ನವೆಂಬರಿನಲ್ಲಿಟ್ಟ ಭತ್ತದ ಧಾರಣೆ ಮೇ ಹೊತ್ತಿಗೆ ಏರಿದ್ದರೆ ಆ ಏರಿಕೆ ಇದರಲ್ಲಿ ಸಿಗುವುದಿಲ್ಲ, ಇದನ್ನು ಮರೆಯಬೇಡಿ. ಸ್ವಂತ ಗೋದಾಮಿನಲ್ಲಾದರೆ ನಿರ್ಲಕ್ಷ್ಯ ಯಾರದ್ದು ಎಂದು ಹುಡುಕಿ ಪ್ರಯೋಜನವಿಲ್ಲ.

ಇನ್ನು ತೇವಾಂಶ. ಮಲೆನಾಡಿನಲ್ಲಿ ಅತಿ ಹೆಚ್ಚು ಜಗಳ ಇದರ ಮೇಲೆಯೇ. ಒಂದು ಲೆಕ್ಕ ಹಿಡಿದು ಕೊನೆಯವರೆಗೂ ಹೋಗೋಣ.

ಡಿಸೆಂಬರಿನಲ್ಲಿ 50 ಕೆಜಿಯ 2,000 ಚೀಲ, ಅಂದರೆ 1,000 ಕ್ವಿಂಟಲ್ ಭತ್ತ ಗೋದಾಮು ಸೇರಿತು. ಮೀಟರಿನಲ್ಲಿ ತೇವ ಶೇ 16. ದೀರ್ಘ ದಾಸ್ತಾನಿಗೆ 14ರ ಮೇಲೆ ಇರಬಾರದು, ಆದರೂ ಸುಗ್ಗಿಯ ಅವಸರದಲ್ಲಿ ಹೀಗೆ ಅಟ್ಟಿ ಹಾಕುವುದು ನಡೆದೇ ಇದೆ. ಬೇಸಿಗೆಯಲ್ಲಿ ಅದು ಆರಿ ಏಪ್ರಿಲ್ ಕೊನೆಗೆ 13ಕ್ಕೆ ಬಂತು. ಇಳಿದ ತೂಕ ಶೇ 3 ಅಲ್ಲ. ಒಣ ಭಾಗ ಬದಲಾಗುವುದಿಲ್ಲ ಎಂಬುದನ್ನು ಹಿಡಿದುಕೊಂಡರೆ ಲೆಕ್ಕ ಹೀಗೆ: 1,000 × 84 ÷ 87 = 965.5. ಒಂದು ಕಾಳೂ ಹೊರಗೆ ಹೋಗದೆ 34.5 ಕ್ವಿಂಟಲ್ ಕಡಿಮೆಯಾಯಿತು. ಚೀಲಕ್ಕೆ 48.28 ಕೆಜಿ ಉಳಿಯಿತು.

ಮೇ ತಿಂಗಳ ಗಾಳಿಮಳೆಗೆ ಚಾವಣಿಯ ನಾಲ್ಕು ಶೀಟು ಹಾರಿ, ಮೇಲಿನ ಸಾಲಿನ 300 ಚೀಲ ನೆನೆಯಿತು ಎಂದುಕೊಳ್ಳಿ. ನಷ್ಟ ಅಳೆಯಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬಂದು ಇಡೀ ಅಟ್ಟಿ ಎಣಿಸಿ, ನೆನೆಯದ ಚೀಲಗಳನ್ನು ಅಲ್ಲಲ್ಲಿ ತೂಗಿಸಿ ಅಂದಾಜು ಹಾಕಿದರು. ಗಾಳಿಮಳೆಗೆ ಮುಂಚೆ 960 ಕ್ವಿಂಟಲ್ ಇತ್ತು ಎಂದು ಬಂತು. ರಿಜಿಸ್ಟರ್ ಮಾತ್ರ 1,000 ಎನ್ನುತ್ತಿದೆ. ಈ 40 ಕ್ವಿಂಟಲ್ ಎಲ್ಲಿ ಹೋಯಿತು? ತಿಂಗಳಿಗೊಮ್ಮೆ ತೇವ ಅಳೆದು ಬರೆದಿದ್ದರೆ 34.5ಕ್ಕೆ ಉತ್ತರ ಅಲ್ಲೇ ಇದೆ. ಉಳಿದ ಐದೂವರೆ ಕ್ವಿಂಟಲ್ ಇಲಿ, ಸೋರಿಕೆ, ಗುಡಿಸಿದ ಕಸ. ಬರೆಯದಿದ್ದರೆ ಇಡೀ 40 ಕ್ವಿಂಟಲ್ ಬಿಲ್ಲಿಲ್ಲದೆ ಮಾರಿದ ಮಾಲಿನಂತೆ ಕಾಣುತ್ತದೆ. ಒಂದು ಪುಸ್ತಕ ಸುಳ್ಳು ಎಂದಾದರೆ ನೆನೆದ 300 ಚೀಲದ ಲೆಕ್ಕದ ಮೇಲೂ ಅನುಮಾನ ಬೀಳುತ್ತದೆ.

ಈಗ ಹಣ. ಕ್ವಿಂಟಲ್‌ಗೆ 2,300 ರೂಪಾಯಿ, ಅಂದರೆ 2024-25ರ ಸಾಮಾನ್ಯ ಭತ್ತದ ಬೆಂಬಲ ಬೆಲೆಯನ್ನೇ ಹಿಡಿಯೋಣ. ನೆನೆದ ಚೀಲವನ್ನು ಈಗ ತೂಗಿದರೆ ನೀರಿನ ತೂಕವೂ ಸೇರುತ್ತದೆ, ಆದ್ದರಿಂದ ಒಣ ಚೀಲದ 48.28 ಕೆಜಿಯೇ ಆಧಾರ. 300 ಚೀಲಕ್ಕೆ 144.8 ಕ್ವಿಂಟಲ್, 3.33 ಲಕ್ಷ. ನೆನೆದ ಮಾಲನ್ನು ಕೂಡಲೇ ಹರವಿ ಒಣಗಿಸಿ ಮಾರಿದರೆ ಕ್ವಿಂಟಲ್‌ಗೆ 1,000 ಸಿಕ್ಕಿತು ಎನ್ನಿ. ಅದನ್ನು ಕಳೆದರೆ ನಷ್ಟ ಸುಮಾರು 1.88 ಲಕ್ಷ.

ಇದರಲ್ಲಿ ಎಷ್ಟು ಕೈಗೆ ಬರುತ್ತದೆ ಎಂಬುದನ್ನು ವಿಮಾ ಮೊತ್ತ ನಿರ್ಧರಿಸುತ್ತದೆ. ಗೋದಾಮಿನಲ್ಲಿದ್ದ ಮಾಲಿನ ಬೆಲೆ 22.08 ಲಕ್ಷ. ಪ್ರೀಮಿಯಂ ಉಳಿಸಲು 15 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, ಉಳಿದ ಪಾಲಿಗೆ ನೀವೇ ವಿಮಾದಾರರು ಎಂದು ಲೆಕ್ಕ ಹಾಕಿ 1.28 ಲಕ್ಷ ಕೊಡುತ್ತಾರೆ. 20 ಲಕ್ಷಕ್ಕೆ ಮಾಡಿಸಿದ್ದರೆ ಕೊರತೆ ಶೇ 10ರ ಒಳಗೆ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಯನ್ನು ಗಣಿಸುವುದಿಲ್ಲ, ಆದ್ದರಿಂದ 1.88 ಲಕ್ಷ ಪೂರ್ತಿ ಲೆಕ್ಕಕ್ಕೆ ಬರುತ್ತದೆ; ಪಾಲಿಸಿಯಲ್ಲಿ ಬರೆದಿರುವ ಸ್ವಂತ ಪಾಲನ್ನಷ್ಟೇ ಮುರಿದುಕೊಳ್ಳುತ್ತಾರೆ. ಒಂದೇ ಜಾಗದಲ್ಲಿ ಒಟ್ಟು 5 ಕೋಟಿಯವರೆಗಿನ ಆಸ್ತಿಗೆ ಈ ಪಾಲಿಸಿ ಸಿಗುತ್ತದೆ. ವಿಮಾ ಮೊತ್ತವನ್ನು ವರ್ಷದ ಸರಾಸರಿಗೆ ಇಡಬೇಡಿ. ಮಾಲು ಅತಿ ಹೆಚ್ಚಿರುವ ಜನವರಿಯ ಬೆಲೆಗೆ ಇಡಿ.

ಇದೇ ಘಟನೆ ಉಗ್ರಾಣದಲ್ಲಿ ಆಗಿದ್ದರೆ? ಸರ್ವೇಯರ್ ಮುಂದೆ ನಿಲ್ಲುವುದು ಉಗ್ರಾಣದವರು. ನಿಮ್ಮ ಕೈಯಲ್ಲಿರುವುದು ರಸೀದಿ. ಅದರಲ್ಲಿ ಒಳಬಂದ ದಿನದ ತೂಕ, ದರ್ಜೆ, ತೇವ ನಮೂದಾಗಿರುತ್ತವೆ. ಆದ್ದರಿಂದ ನಿಮ್ಮ ಜಗಳವೆಲ್ಲ ಒಳಗಿಡುವ ದಿನವೇ ಮುಗಿಯಬೇಕು. ತೇವ ಅಳೆಯುವಾಗ ಪಕ್ಕದಲ್ಲೇ ನಿಂತಿರಿ. 16 ಇದ್ದದ್ದನ್ನು 14 ಎಂದು ಬರೆದರೆ ದರ್ಜೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಮೇನಲ್ಲಿ ಇಳಿದ ತೂಕಕ್ಕೆ ಆಗ ಕಾರಣವೇ ಇರುವುದಿಲ್ಲ. ರಸೀದಿಯನ್ನು ಅಡವಿಟ್ಟು ಸಾಲ ಪಡೆದಿದ್ದರೆ ಕೊರತೆಯ ವಿಚಾರಣೆಗೆ ಬ್ಯಾಂಕಿನವರೂ ಸೇರುತ್ತಾರೆ. ಉಗ್ರಾಣಕ್ಕೆ ತೇವದ ಮಾಲು ತೆಗೆದುಕೊಳ್ಳಲು ಮನಸ್ಸಿರುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ತರುವವರು ಅಂಗಳದಲ್ಲಿ ಒಣಗಿಸಿಯೇ ಲಾರಿ ಹತ್ತಿಸುವುದು ವಾಸಿ.

ಗಾಳಿಮಳೆಯ ಕ್ಲೇಮು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಬಿರುಗಾಳಿ ಚಾವಣಿ ಕಿತ್ತು ನೀರು ಒಳಬಂದರೆ ಸರಿ. ಹಳೆಯ ಮೊಳೆ ತೂತಿನಿಂದ ಜಡಿಮಳೆಯಲ್ಲಿ ತೊಟ್ಟಿಕ್ಕಿದರೆ, ಗೋಡೆ ನೀರು ಕುಡಿದು ಚೀಲ ಬೆವರಿದರೆ, ಅದು ನಿರ್ವಹಣೆಯ ಕೊರತೆ. ಹಾಗಾಗಿ ಹಾರಿದ ಶೀಟನ್ನು ಬಿದ್ದ ಜಾಗದಲ್ಲೇ ಫೋಟೊ ತೆಗೆಯಿರಿ, ಕಿತ್ತುಬಂದ ಬೋಲ್ಟುಗಳನ್ನು ಎಸೆಯಬೇಡಿ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಆ ದಿನದ ಮಳೆಯ ಅಂಕಿಯನ್ನು ಕೇಳಿ ಪಡೆಯಿರಿ. ಕಂಪನಿಗೆ ಅದೇ ದಿನ ತಿಳಿಸಿ. ಒದ್ದೆ ಚೀಲ ಬೇರೆ ಮಾಡಲು ಸರ್ವೇಯರ್‌ಗಾಗಿ ಕಾಯಬೇಕಿಲ್ಲ, ನಷ್ಟ ತಗ್ಗಿಸುವುದು ನಿಮ್ಮ ಕರ್ತವ್ಯವೇ. ಆದರೆ ಫೋಟೊ ಮೊದಲು, ಚೀಲ ಎತ್ತುವುದು ಆಮೇಲೆ.

ಗ್ಯಾಸ್ ಹಾಕುವ ವಿಷಯದಲ್ಲಿ ಉಗ್ರಾಣವೇ ಮೇಲು, ಇದರಲ್ಲಿ ನಮಗೆ ಎರಡು ಮಾತಿಲ್ಲ. ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರು ಬೇಕಾದರೂ ಕೊಂಡು ಬಳಸುವಂತಿಲ್ಲ, ಪರವಾನಗಿ ಇರುವ ಕೀಟನಿಯಂತ್ರಕರಿಂದಲೇ ಹಾಕಿಸಬೇಕು. ಹೊದಿಕೆಯೊಳಗಿನ ಅಟ್ಟಿಗೆ ಟನ್ನಿಗೆ 3 ಗ್ರಾಂ ತೂಕದ 3 ಮಾತ್ರೆ ಎಂದರೆ ನಮ್ಮ 100 ಟನ್ನಿಗೆ 300 ಮಾತ್ರೆ. ಹೊದಿಕೆಯ ಅಂಚನ್ನು ಮರಳಿನ ಉದ್ದ ಚೀಲಗಳಿಂದ ಒಂದರ ಮೇಲೊಂದು ತುದಿ ಬರುವಂತೆ ಒತ್ತಿ, ಏಳು ದಿನ ಮುಚ್ಚಿಡಬೇಕು. ತೆರೆದ ಮೇಲೂ ಜೀವಂತ ಹುಳು ಕಂಡರೆ ಬಹುತೇಕ ಅಂಚಿನಲ್ಲಿ ಗ್ಯಾಸ್ ಸೋರಿದೆ ಎಂದೇ ಅರ್ಥ. ಮಾತ್ರೆ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ.

ವಿಮೆಗೂ ಇದಕ್ಕೂ ಎರಡು ಕಡೆ ನಂಟು. ಈ ಮಾತ್ರೆ ಗಾಳಿಯ ತೇವ ಹೀರಿ ಫಾಸ್ಫೀನ್ ಬಿಡುತ್ತದೆ. ಮಾತ್ರೆಗಳನ್ನು ಗುಡ್ಡೆ ಹಾಕಿದರೆ, ಇಲ್ಲವೇ ಸೋರಿದ ನೀರು ನೇರ ಅದರ ಮೇಲೆ ಬಿದ್ದರೆ ಗ್ಯಾಸ್ ಒಮ್ಮೆಲೇ ಎದ್ದು ತಾನಾಗಿ ಹೊತ್ತಿಕೊಳ್ಳಬಹುದು. ಜುಲೈನಲ್ಲಿ ಸೋರುವ ಶೀಟಿನ ಕೆಳಗೆ ಗ್ಯಾಸ್ ಹಾಕಿಸಬೇಡಿ ಎನ್ನುವುದು ಇದಕ್ಕೇ. ಹಾಗೆ ಹತ್ತಿದ್ದು ಬೆಂಕಿಯೇ ಆದರೂ, ಮಾತ್ರೆಯನ್ನು ಯಾರು, ಹೇಗೆ ಇಟ್ಟರು ಎಂಬ ಪ್ರಶ್ನೆ ಬಂದೇ ಬರುತ್ತದೆ. ದಿನಾಂಕ, ಅಟ್ಟಿಯ ಸಂಖ್ಯೆ, ಮಾತ್ರೆಗಳ ಎಣಿಕೆ, ಪರವಾನಗಿ ಸಂಖ್ಯೆ, ಹೊದಿಕೆ ತೆಗೆದ ದಿನ, ಇಷ್ಟನ್ನು ಬರೆದ ಹಾಳೆ ಆಗ ಬೇಕು.

ಎರಡನೆಯ ನಂಟು ಕಾವಿನದು. ಹುಳು ಬಿದ್ದ, ತೇವ ಹೆಚ್ಚಿರುವ ಅಟ್ಟಿ ನಡುವೆ ಬಿಸಿಯಾಗಿ ಭತ್ತ ಕಂದುತ್ತದೆ. ಹಳೆಯ ಬೆಂಕಿ ಪಾಲಿಸಿಯಲ್ಲಿ ಮಾಲು ತಾನೇ ಕಾದು ಹತ್ತಿದರೆ ಹೊರಗಿತ್ತು, ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಅಂಥ ಬೆಂಕಿ ಒಳಗೆ ಬಂದಿದೆ. ಆದರೆ ಬೆಂಕಿ ಎಂದರೆ ನಿಜವಾಗಿ ಹೊತ್ತಿಕೊಂಡಿರಬೇಕು. ಬರೀ ಕಾದು, ಕಂದಿ, ನಾತ ಹಿಡಿದ 200 ಚೀಲಕ್ಕೆ ಒಂದು ಪೈಸೆಯೂ ಇಲ್ಲ. ವಾರಕ್ಕೊಮ್ಮೆ ಅಟ್ಟಿಯ ನಡುವಿಗೆ ಕಬ್ಬಿಣದ ಸರಳು ತೂರಿಸಿ, ಹತ್ತು ನಿಮಿಷ ಬಿಟ್ಟು ಹಿಡಿದು ನೋಡುವುದು ಎಲ್ಲ ಪಾಲಿಸಿಗಿಂತ ಅಗ್ಗ.

ರಿಜಿಸ್ಟರಿನಲ್ಲಿ ಒಳಬಂದದ್ದು, ಹೊರಹೋದದ್ದು, ಉಳಿಕೆ ಎಂಬ ಮೂರು ಕಲಮುಗಳನ್ನು ಎಲ್ಲರೂ ಬರೆಯುತ್ತಾರೆ. ಲಾರಿ ಸಂಖ್ಯೆ, ವೇಬ್ರಿಡ್ಜ್ ಚೀಟಿಯ ಸಂಖ್ಯೆ, ಅಟ್ಟಿಯ ಸಂಖ್ಯೆ, ಆ ದಿನದ ತೇವ ಕೂಡ ಇರಲಿ. ಗೋಣಿಯ ತೂಕ ಕಳೆಯುವುದನ್ನು ಮರೆಯಬೇಡಿ: 50 ಕೆಜಿಯ ಹೊಸ ಸೆಣಬಿನ ಚೀಲ ಸುಮಾರು 580 ಗ್ರಾಂ ಇರುತ್ತದೆ, ಎರಡು ಸಾವಿರ ಚೀಲಕ್ಕೆ 11.6 ಕ್ವಿಂಟಲ್. ಮಲೆನಾಡಿನದೇ ಒಂದು ವಿಶೇಷವೂ ಇದೆ. ಏಪ್ರಿಲ್‌ನಲ್ಲಿ ಇಳಿದ ತೂಕ ಮಳೆಗಾಲದ ತೇವಗಾಳಿಗೆ ಆಗಸ್ಟಿನಲ್ಲಿ ಮತ್ತೆ ಏರುತ್ತದೆ. ವರ್ಷವಿಡೀ ಚೀಲಕ್ಕೆ 50 ಕೆಜಿ ಎಂದೇ ತೋರಿಸುವ ಪುಸ್ತಕ ನೀಟಾಗಿ ಕಂಡರೂ ಅನುಭವಿ ಸರ್ವೇಯರ್ ಅದನ್ನು ನಂಬುವುದಿಲ್ಲ. ಬ್ಯಾಂಕಿಗೆ ಕೊಡುವ ತಿಂಗಳ ದಾಸ್ತಾನು ಪಟ್ಟಿಯೂ ಇದೇ ಪುಸ್ತಕದಿಂದ ಬಂದಿರಬೇಕು. ಸಾಲದ ಮಿತಿಗಾಗಿ ಅಲ್ಲಿ ಹೆಚ್ಚು ಬರೆದರೆ, ಕ್ಲೇಮಿನ ದಿನ ಎರಡೂ ಒಂದೇ ಮೇಜಿಗೆ ಬರುತ್ತವೆ. ಪುಸ್ತಕದ ಪುಟಗಳ ಫೋಟೊ ವಾರಕ್ಕೊಮ್ಮೆ ಗೋದಾಮಿನ ಹೊರಗೆ ಎಲ್ಲಾದರೂ ಇರಲಿ. ಗೋದಾಮಿನ ಜೊತೆ ರಿಜಿಸ್ಟರೂ ಸುಟ್ಟರೆ ಆಮೇಲೆ ತೋರಿಸಲು ಏನೂ ಇರುವುದಿಲ್ಲ.

ನಾಲ್ಕು ತಿಂಗಳೊಳಗೆ ಮಿಲ್ಲಿಗೆ ಹೋಗುವ ಮಾಲಿಗೆ, ಚಾವಣಿ ಗಟ್ಟಿಯಿದ್ದು ಮೀಟರು ಹಿಡಿದು ಬರೆಯುವ ಒಬ್ಬ ಗುಮಾಸ್ತನಿದ್ದರೆ, ಸ್ವಂತ ಗೋದಾಮೇ ಸಾಕು. ಮೃಗಶಿರ ಮಳೆ ದಾಟಿಯೂ ಇಡಬೇಕಾದ ಮಾಲನ್ನು ಮೇ ಒಳಗೆ ಉಗ್ರಾಣಕ್ಕೆ ಸಾಗಿಸಿ, ಬಾಡಿಗೆ ಎಷ್ಟೇ ಕಂಡರೂ.