‘ರಾಗಿ ತಂದೀರ್ಯಾ’ ಹಿಂದಿಗೆ: ನಾಲ್ಕು ದಾರಿ ಹಾಡಿ ನೋಡಿದ್ದು

ನಮ್ಮ ಭಜನೆ ಗುಂಪಿಗೆ ಹಿಂದಿ ಮನೆಮಾತಿನ ಕೆಲವು ಹೆಂಗಸರು ಸೇರಿದ್ದಾರೆ. ದೇವರನಾಮಗಳನ್ನು ಕೇಳಿ ಕೇಳಿಯೇ ಕಲಿತು ಚೆನ್ನಾಗಿ ಹಾಡುತ್ತಾರೆ. ಹಾಡು ಮುಗಿದ ಮೇಲೆ ಅರ್ಥ ಕೇಳುತ್ತಾರೆ. ನಾನು ಹೇಳುತ್ತಿದ್ದ ಅರ್ಥದಲ್ಲಿ ಹಾಡಿನ ಸೊಗಸೇ ಇರುತ್ತಿರಲಿಲ್ಲ. ಅದೇ ಧಾಟಿಗೆ ಕೂರುವ ಹಿಂದಿ ಸಾಲುಗಳನ್ನು ಬರೆಯೋಣ ಅಂತ ಹೊರಟೆ. ಪುರಂದರದಾಸರ ಎರಡು ಹಾಡುಗಳ ಮೇಲೆ ನಾಲ್ಕು ರೀತಿ ಪ್ರಯತ್ನ ಮಾಡಿದೆ. ಯಾವ ರೀತಿ ಎಲ್ಲಿ ನಿಂತಿತು, ಎಲ್ಲಿ ಬಿತ್ತು ಅನ್ನುವುದನ್ನು ಹೇಳುತ್ತೇನೆ.

ಮೊದಲು ‘ರಾಗಿ ತಂದೀರ್ಯಾ, ಭಿಕ್ಷಕೆ ರಾಗಿ ತಂದೀರ್ಯಾ’. ಭಿಕ್ಷೆಗೆ ಬಂದವರು ರಾಗಿ ಕೇಳುತ್ತಾರೆ. ಮುಂದಿನ ಸಾಲಿನಿಂದ ಆ ರಾಗಿ ಬೇರೆಯೇ ಆಗುತ್ತದೆ: ಯೋಗ್ಯರಾಗಿ, ಭೋಗ್ಯರಾಗಿ, ಭಾಗ್ಯವಂತರಾಗಿ. ಧಾನ್ಯದ ಹೆಸರು ಪದದ ಬಾಲವಾಗಿ ಬಂದು ಕೂರುತ್ತದೆ. ‘ಆಗಿ’ ಅನ್ನುವುದರಲ್ಲೇ ಎರಡು ಕೆಲಸ ಇದೆ ನೋಡಿ. ‘ಯೋಗ್ಯರಾಗಿ ಬಾಳಿದರು’ ಅಂದಾಗ ಅದು ಇರುವ ರೀತಿ. ‘ನೀವು ಯೋಗ್ಯರಾಗಿ!’ ಅಂದಾಗ ಅದು ಕರೆ. ದಾಸರು ರಾಗಿ ಕೇಳುತ್ತಲೇ ಎದುರಿಗಿದ್ದವರಿಗೆ ಒಳ್ಳೆಯವರಾಗಿ ಅಂತಲೂ ಹೇಳಿಬಿಡುತ್ತಾರೆ.

ಮೊದಲ ದಾರಿ, ‘ರಾಗಿ’ ಪದವನ್ನು ಹಾಗೇ ಬಿಡುವುದು. ಉತ್ತರದಲ್ಲೂ ಈಗ ಹಿಟ್ಟಿನ ಪೊಟ್ಟಣದ ಮೇಲೆ ರಾಗಿ ಅಂತಲೇ ಇರುತ್ತದಲ್ವಾ, ಸುಲಭ ಅಂದುಕೊಂಡೆ. ‘ರಾಗೀ ಲಾಯೇ ಹೋ’ ಅಂತ ಹಾಡಿದೆ. ದಿಲ್ಲಿ ಕಡೆಯ ಒಬ್ಬರು, “ದೀದಿ, ಗುರುದ್ವಾರದ ರಾಗಿಗಳನ್ನು ಕರೆತಂದಿರಾ ಅಂತಲಾ?” ಅಂತ ಕೇಳಿದರು. ಗುರುದ್ವಾರದಲ್ಲಿ ಕೀರ್ತನೆ ಹಾಡುವವರಿಗೆ ಅವರು ರಾಗಿ ಅನ್ನುತ್ತಾರೆ. ಆ ಗೊಂದಲವನ್ನು ಒಂದು ಮಾತಿನಲ್ಲಿ ಬಿಡಿಸಬಹುದು. ನಿಜವಾದ ತೊಂದರೆ ಚರಣದಲ್ಲಿ ಬಂತು. ಹಿಂದಿಯ ಯಾವ ಕ್ರಿಯಾಪದವೂ ‘ರಾಗಿ’ ಅಂತ ಮುಗಿಯುವುದಿಲ್ಲ. ಪಲ್ಲವಿಯಲ್ಲಿ ಧಾನ್ಯ ಉಳಿಯಿತು, ಚರಣದಲ್ಲಿ ಅದಕ್ಕೆ ಜೊತೆಯೇ ಇಲ್ಲ. ಹಾಡುವ ಮೊದಲು ಐದು ನಿಮಿಷ ವಿವರಿಸಿದರೆ ತಲೆಯಾಡಿಸುತ್ತಾರೆ, ಆದರೆ ಹಾಡುವಾಗ ಮುಖದಲ್ಲಿ ನಗು ಬರುವುದಿಲ್ಲ. ಶ್ಲೇಷೆ ಕಿವಿಗೆ ಬಿದ್ದ ಕ್ಷಣದಲ್ಲೇ ತಿಳಿಯಬೇಕು.

ಎರಡನೇ ದಾರಿ, ಶ್ಲೇಷೆ ಬಿಟ್ಟು ಭಾವ ಮಾತ್ರ ತೆಗೆದುಕೊಳ್ಳುವುದು. ‘ದಾನ ಮಾಡಿ, ಸಜ್ಜನರಾಗಿ, ಹರಿಯನ್ನು ಭಜಿಸಿ’ ಅಂತ ಹಿಂದಿಯಲ್ಲಿ ಬರೆಯಲು ಅರ್ಧ ಗಂಟೆ ಸಾಕಾಯಿತು. ತಾಳಕ್ಕೂ ಕೂತಿತು. ಆದರೆ ಈ ಹಾಡಿಗೆ ಶ್ಲೇಷೆಯೇ ಬೆನ್ನೆಲುಬು. ಅದನ್ನು ತೆಗೆದರೆ ಉಳಿಯುವುದು ಬುದ್ಧಿಮಾತಿನ ಪಟ್ಟಿ. ಅದನ್ನು ಎರಡನೇ ಸಲ ಹಾಡಲು ನನಗೇ ಮನಸ್ಸಾಗಲಿಲ್ಲ.

ಆಮೇಲೆ ಧಾನ್ಯವನ್ನೇ ಬದಲಿಸಿದೆ. ಇದು ಹೊಸ ಶ್ಲೇಷೆ ಹುಡುಕುವ ದಾರಿ, ಜಾಸ್ತಿ ದಿನ ತಿಂದದ್ದೂ ಇದೇ. ಮೊದಲು ‘ದಾನಾ’ ಹೊಳೆಯಿತು. ಹಿಂದಿಯಲ್ಲಿ ದಾನಾ ಅಂದರೆ ಕಾಳು, ಫಾರಸಿಯಿಂದ ಬಂದ ಇನ್ನೊಂದು ದಾನಾ ಅಂದರೆ ಜಾಣ. ಚೆನ್ನಾಗಿದೆ, ಆದರೆ ಒಂದು ಸಲ ಮಾತ್ರ ಹೊಡೆಯುತ್ತದೆ. ದಾಸರ ರಾಗಿ ಪ್ರತಿ ಸಾಲಿನ ಕೊನೆಗೂ ಬರುತ್ತದೆ. ಹಾಗೆ ಸಾಲುಸಾಲಿಗೂ ಬರಬೇಕಾದರೆ ಅದು ವ್ಯಾಕರಣದ ಸಣ್ಣ ಪದವಾಗಿರಬೇಕು, ನಮ್ಮ ‘ಆಗಿ’ ಥರ. ಆಗ ಸಿಕ್ಕಿದ್ದು ‘ಜೌ’. ಜೌ ಅಂದರೆ ಬಾರ್ಲಿ, ಉತ್ತರದಲ್ಲಿ ಪೂಜೆಗೂ ಬಳಸುವ ಧಾನ್ಯ. ಕಿವಿಗೆ ಅದರ ಪಕ್ಕದಲ್ಲೇ ‘ಜೋ’ ಇದೆ, ಅಂದರೆ ‘ಯಾರು’, ‘ಯಾವುದು’ ಅಂತ ಎರಡು ವಾಕ್ಯ ಸೇರಿಸುವ ಪದ.

ಪಲ್ಲವಿ ಹೀಗಾಯಿತು: ‘ಜೌ ಲಾಯೇ ಹೋ, ದಾನ್ ಮೇಂ ಜೌ ಲಾಯೇ ಹೋ’. ‘ತಂದೀರ್ಯಾ’ ಆರು ಮಾತ್ರೆ, ‘ಲಾಯೇ ಹೋ’ ಕೂಡ ಆರು. ಪ್ರಶ್ನೆಯ ‘ಕ್ಯಾ’ ಸೇರಿಸಿದರೆ ಎಂಟಾಗಿ ತಾಳ ತಪ್ಪುತ್ತದೆ, ಅದಕ್ಕೇ ಬಿಟ್ಟೆ. ಪ್ರಶ್ನೆ ರಾಗದಲ್ಲೇ ಕೇಳಿಸುತ್ತದೆ. ‘ರಾಗಿ’ಗೆ ಮೂರು ಮಾತ್ರೆ, ‘ಜೌ’ಗೆ ಎರಡೇ. ಹಾಗಾಗಿ ಜೌ ಅನ್ನು ಒಂದು ಮಾತ್ರೆ ಎಳೆಯಬೇಕು. ‘ಭಿಕ್ಷಕೆ’ ಅನ್ನುವ ಕಡೆ ‘ಭೀಖ್ ಮೇಂ’ ಕೂರುತ್ತಿತ್ತು. ಆದರೆ ಭೀಖ್ ಅಂದರೆ ಅವರಿಗೆ ರಸ್ತೆಯಲ್ಲಿ ಕೈಚಾಚುವುದು, ಮನೆಮನೆಗೆ ಮಧುಕರ ಭಿಕ್ಷೆಗೆ ಬಂದ ದಾಸರ ಗೌರವ ಅದರಲ್ಲಿಲ್ಲ. ಅದಕ್ಕೆ ‘ದಾನ್’ ಅಂದೆ.

‘ಅನ್ನದಾನವ ಮಾಡುವರಾಗಿ, ಅನ್ನಛತ್ರವನಿಟ್ಟವರಾಗಿ’ ಅನ್ನುವ ಕಡೆ ‘ಭೂಖೋಂ ಕೋ ಖಿಲಾತೇ ಹೈಂ ಜೋ, ಲಂಗರ್ ರೋಜ್ ಲಗಾತೇ ಹೈಂ ಜೋ’ ಅಂತ ಬಂತು. ಮೊದಲ ಸಲ ಹಾಡಿದಾಗ ಎರಡನೇ ‘ಜೋ’ಗೇ ಇಬ್ಬರು ನಕ್ಕರು. ನಾನು ವಿವರಿಸಿಯೇ ಇರಲಿಲ್ಲ. ಅಷ್ಟು ದಿನದ ಶ್ರಮ ಆ ನಗುವಿನಲ್ಲಿ ತೀರಿತು.

ಹೋದದ್ದೂ ಇದೆ. ‘ಆಗಿ’ಯಲ್ಲಿದ್ದ ಕರೆ ‘ಜೋ’ದಲ್ಲಿಲ್ಲ. ನಮ್ಮ ಹಾಡು ‘ನೀವು ಹೀಗಾಗಿ’ ಅನ್ನುತ್ತದೆ, ಹಿಂದಿಯದು ‘ಯಾರು ಹೀಗಿದ್ದಾರೋ’ ಅನ್ನುತ್ತದೆ. ಚರಣದ ಕೊನೆಗೆ ‘ವೈಸೇ ಬನ್ ಜಾವೋ’, ಅಂದರೆ ‘ಹಾಗೇ ಆಗಿ’, ಅಂತ ಸೇರಿಸಿ ಸ್ವಲ್ಪ ತುಂಬಿಸಿದೆ. ಇನ್ನೊಂದು ಮಿತಿ ಉಚ್ಚಾರಣೆಯದು. ದಿಲ್ಲಿ ಕಡೆಯವರು ಜೌ ಅನ್ನುವಾಗ ಬಾಯಿ ಸ್ವಲ್ಪ ಜಾಸ್ತಿ ತೆರೆದು ಒಂದೇ ಸ್ವರವಾಗಿ ಹೇಳುತ್ತಾರೆ, ಎಳೆದರೆ ಜೋಗೆ ತೀರಾ ಹತ್ತಿರ. ಬಿಹಾರದ ಕಡೆಯವರು ‘ಜ-ಉ’ ಅಂತ ಎರಡು ಸ್ವರ ಕೇಳಿಸುವಂತೆ ಹೇಳುತ್ತಾರೆ. ಅವರ ಬಾಯಲ್ಲಿ ಶ್ಲೇಷೆ ಅರ್ಧ ಮಾತ್ರ ಕೆಲಸ ಮಾಡಿತು.

ನಾಲ್ಕನೇ ದಾರಿ ಆ ಭಾಷೆಯದೇ ನುಡಿಗಟ್ಟು ಹುಡುಕುವುದು. ಇದು ಬೇಕಾದದ್ದು ‘ಮಾನವ ಜನ್ಮ ದೊಡ್ಡದು’ ಹಾಡಿಗೆ. ‘ಕಣ್ಣು ಕೈ ಕಾಲ್ಕಿವಿ ನಾಲಿಗೆ ಇರಲಿಕ್ಕೆ ಮಣ್ಣು ಮುಕ್ಕಿ ಮರುಳಾಗುವರೆ’. ಮಣ್ಣು ಮುಕ್ಕುವುದು ಅಂದರೆ ನಮಗೆ ಹಾಳಾಗುವುದು. ಹಿಂದಿಯಲ್ಲಿ ‘ಮಿಟ್ಟಿ ಖಾನಾ’ ಅಂದೆ. ಕೇಳಿದವರಿಗೆ ಮಣ್ಣು ತಿನ್ನುವ ಚಿಕ್ಕ ಮಗು ನೆನಪಾಯಿತು. ‘ಬರ್ಬಾದ್’ ಅಂತ ಅರ್ಥ ಮಾತ್ರ ಹೇಳಿದೆ. ಸಾಲು ಸರಿಯಾಯಿತು, ಆದರೆ ಮುಂದಿನ ಸಾಲು ಕುಸಿಯಿತು. ಏಕೆಂದರೆ ದಾಸರು ಅಲ್ಲಿ ‘ಹರಿಯ ನಾಮಾಮೃತ ಉಣ್ಣದೆ ಉಪವಾಸ’ ಅನ್ನುತ್ತಾರೆ. ಅಮೃತ ಬಿಟ್ಟು ಮಣ್ಣು ತಿನ್ನುತ್ತೀರಲ್ಲ ಅನ್ನುವುದು ಒಂದೇ ಚಿತ್ರ. ಮೊದಲ ಸಾಲಿನಲ್ಲಿ ಬಾಯಿ ಇಲ್ಲದಿದ್ದರೆ ಎರಡನೆಯದರಲ್ಲಿ ಊಟ ಎಲ್ಲಿಂದ ಬರಬೇಕು?

‘ಧೂಲ್ ಫಾಂಕ್ನಾ’ ಅನ್ನುವುದು ಸಿಕ್ಕಿದಾಗ ಸಮಾಧಾನವಾಯಿತು. ಧೂಳನ್ನು ಬಾಯಿಗೆ ಎಸೆದುಕೊಳ್ಳುವುದು, ಅಂದರೆ ಸುಮ್ನೆ ಅಲೆದು ಕೆಡುವುದು. ಅರ್ಥವೂ ಹತ್ತಿರ, ಬಾಯಿಯೂ ಇದೆ. ‘ಆಂಖೇಂ ಕಾನ್ ಜುಬಾನ್ ಮಿಲೀ, ಫಿರ್ ಭೀ ಧೂಲ್ ಫಾಂಕ್ತೇ ಹೋ, ಅಮೃತ್ ಪಾಸ್ ಧರಾ ಹರಿ ಕಾ, ಭೂಖೇ ಮುಂಹ್ ಕ್ಯೋಂ ತಾಕ್ತೇ ಹೋ’ ಅಂತ ಬರೆದೆ. ನಮ್ಮ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ, ಕಣ್ಣು, ಮಣ್ಣು, ಹೆಣ್ಣು, ಉಣ್ಣದೆ ಅಂತ. ಅದನ್ನು ಬಿಟ್ಟು ಹಿಂದಿ ಕಿವಿಗೆ ಒಗ್ಗುವಂತೆ ಸಾಲಿನ ಕೊನೆಗೆ ಪ್ರಾಸ ಇಟ್ಟೆ.

‘ಹುಚ್ಚಪ್ಪಗಳಿರಾ’ಗೆ ಹೆಚ್ಚು ತಿಣುಕಲಿಲ್ಲ. ‘ಪಾಗಲ್’ ಬೈಗುಳದ ಹಾಗಿದೆ, ‘ಬಾವ್ರೇ’ಯಲ್ಲಿ ಆ ಅಪ್ಪನ ಅಕ್ಕರೆ ಇದೆ.

ಒಂದು ಮಾತ್ರ ಯಾವ ದಾರಿಯಲ್ಲೂ ಬರಲಿಲ್ಲ. ‘ಹೆಣ್ಣು ಮಣ್ಣಿಗಾಗಿ’ ಅನ್ನುವಾಗ ಮಣ್ಣು ಅಂದರೆ ಹೊಲ, ಆಸ್ತಿ. ಮುಕ್ಕುವ ಮಣ್ಣೂ ಅದೇ ಪದ. ಮಣ್ಣಿಗಾಗಿ ಮಣ್ಣು ಮುಕ್ಕುತ್ತಾನೆ ಮನುಷ್ಯ. ಹಿಂದಿಯ ಧೂಲ್‌ಗೆ ಆಸ್ತಿಯ ಅರ್ಥ ಇಲ್ಲ, ಜಮೀನನ್ನು ಫಾಂಕುವುದಕ್ಕೂ ಆಗುವುದಿಲ್ಲ. ಆ ಚರಣ ಬಂದಾಗ ಈಗಲೂ ನಾವು ಹಿಂದಿ ಸಾಲು ಒಂದು ಸಲ ಹಾಡಿ, ಆಮೇಲೆ ಎಲ್ಲರೂ ಸೇರಿ ಕನ್ನಡದ್ದನ್ನೇ ಎರಡು ಸಲ ಹಾಡುತ್ತೇವೆ.