180ರಿಂದ ವಯಸ್ಸು ಕಳೆಯುವುದಾ, ಒಂದು ಗಂಟೆ ಓಡಿ ಅಳೆಯುವುದಾ? ಎರಡೂ ಮಾಡಿ ನೋಡಿದ್ದೇನೆ

ಮೊದಲೇ ಹೇಳಿಬಿಡ್ತೇನೆ, ನಿಧಾನ ಓಡುವಾಗ ಹಾರ್ಟ್ ರೇಟ್ ಎಷ್ಟರ ಒಳಗೆ ಇರ್ಬೇಕು ಅಂತ ತಿಳೀಲಿಕ್ಕೆ ನನಗೆ ಸರಿ ಬಂದದ್ದು ಅಳೆದು ನೋಡುವ ದಾರಿ. ಸೂತ್ರ ಹಿಡ್ಕೊಂಡು ಆರು ತಿಂಗಳು ಬದಿಯಡ್ಕದ ಏರಿನಲ್ಲಿ ನಾನು ಓಡಿದ್ದಕ್ಕಿಂತ ನಡೆದದ್ದೇ ಜಾಸ್ತಿ, ಆ ಆರು ತಿಂಗಳು ಬೇರೆಯವರಿಗೆ ಉಳೀಲಿ ಅಂತ ಬರೀತಾ ಇದ್ದೇನೆ.

ಸೂತ್ರ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ: ಅಮೆರಿಕದ ಕೋಚ್ ಫಿಲ್ ಮ್ಯಾಫೆಟೋನ್ ಹೇಳಿದ್ದು, 180ರಿಂದ ನಿಮ್ಮ ವಯಸ್ಸು ಕಳೀರಿ, ಬಂದ ಹಾರ್ಟ್ ರೇಟ್ ದಾಟದ ಹಾಗೆ ತಿಂಗಳುಗಟ್ಟಲೆ ನಿಧಾನ ಓಡಿ, ಆಗ ಕೊಬ್ಬು ಉರಿಸಿ ದೂರ ಹೋಗುವ ಶಕ್ತಿ ಬೆಳೀತದೆ, ಅದೇ ಹಾರ್ಟ್ ರೇಟಲ್ಲಿ ಪೇಸ್ ತಾನಾಗಿ ಹೆಚ್ತದೆ. ದೊಡ್ಡ ಕಾಯಿಲೆಯಿಂದ ಎದ್ದವರು, ದಿನಾ ಮಾತ್ರೆ ತಗೊಳ್ಳುವವರು ಇನ್ನೂ 10 ಕಡಿಮೆ ಮಾಡ್ಬೇಕು, ಹೊಸದಾಗಿ ಶುರು ಮಾಡಿದವರು, ಪದೇ ಪದೇ ಶೀತ ಆಗುವವರು 5 ಕಡಿಮೆ, ಎರಡು ವರ್ಷಕ್ಕಿಂತ ಜಾಸ್ತಿ ತೊಂದರೆ ಇಲ್ಲದೆ ಓಡಿ ಮುಂದೆ ಬಂದವರು 5 ಸೇರಿಸಬಹುದು. ನನಗೆ 46, ಹೊಸಬ, ಹಾಗಾಗಿ 134ರಿಂದ 5 ಹೋಗಿ 129.

129ರಲ್ಲಿ ನಮ್ಮೂರಲ್ಲಿ ಓಡುವುದು ಅಂದ್ರೆ ಎಂತ ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ. ಬಯಲಲ್ಲಿ ಹೇಗೋ ಆಗ್ತದೆ, ಮುರಕಲ್ಲಿನ ಗುಡ್ಡೆ ಹತ್ತಲಿಕ್ಕೆ ಶುರು ಮಾಡಿದ್ರೆ ಇಪ್ಪತ್ತು ಹೆಜ್ಜೆಗೆ ಮೊಬೈಲ್ ಕೂಗ್ತದೆ, ನಡಿಬೇಕು, ಇಳಿದ ಮೇಲೆ ಪುನಃ ಓಡ್ಬೇಕು. ಆದ್ರೂ ಬಿಡ್ಲಿಲ್ಲ ಯಾಕಂದ್ರೆ ಮಾರ್ಕ್ ಅಲೆನ್ ಇದೇ ಪದ್ಧತಿಯಲ್ಲಿ ನಿಧಾನ ಓಡಿ ಮುಂದೆ ಈಜು, ಸೈಕಲ್, ಓಟ ಮೂರೂ ಇರುವ ಹವಾಯಿಯ ಐರನ್‌ಮ್ಯಾನ್ ಸ್ಪರ್ಧೆ 6 ಸಲ ಗೆದ್ದವರು ಅಂತ ಓದಿದ್ದೆ.

ಈ ಪದ್ಧತಿಯಲ್ಲಿ ತಿಂಗಳಿಗೊಮ್ಮೆ ಒಂದು ಪರೀಕ್ಷೆ ಉಂಟು, ಒಂದೇ ಜಾಗದಲ್ಲಿ, ಅದೇ ಹಾರ್ಟ್ ರೇಟಲ್ಲಿ, ಅಷ್ಟೇ ದೂರ ಓಡಿ ಎಷ್ಟು ಹೊತ್ತು ಬೇಕಾಯ್ತು ಅಂತ ಬರೆದಿಡುವುದು. ಜನವರಿಲಿ ಶಾಲೆ ಮೈದಾನದಲ್ಲಿ ನನ್ನ ಕಿಲೋಮೀಟರಿಗೆ 9 ನಿಮಿಷ 40 ಸೆಕೆಂಡ್. ಮಾರ್ಚಲ್ಲಿ 10 ನಿಮಿಷ. ಏಪ್ರಿಲಲ್ಲಿ 10 ನಿಮಿಷ 35. ಮೂರು ತಿಂಗಳು ಒಂದು ದಿನ ತಪ್ಪಿಸದೆ ಬೆಳಿಗ್ಗೆ ಐದಕ್ಕೆ ಎದ್ದವನಿಗೆ ಈ ಲೆಕ್ಕ ನೋಡಿ ಎಷ್ಟು ಬೇಜಾರಾಗಿದೆ ಅಂದ್ರೆ ಶೂ ಎತ್ತಿ ಅಟ್ಟಕ್ಕೆ ಹಾಕುವವನೇ ಇದ್ದೆ.

ಇದರ ಕಾರಣ ನಮ್ಮ ಸೆಖೆ. ಏಪ್ರಿಲಲ್ಲಿ ಗಾಳಿಯಲ್ಲೇ ನೀರು ತುಂಬಿರ್ತದೆ, ಬೆವರು ಆರುವುದಿಲ್ಲ, ಇಳಿದು ಹೋಗ್ತದೆ ಅಷ್ಟೆ, ಆರದಿದ್ರೆ ಮೈ ತಣಿಯುವುದಿಲ್ಲ. ಆಗ ದೇಹ ಶಾಖ ಹೊರಗೆ ಹಾಕ್ಲಿಕ್ಕೆ ರಕ್ತವನ್ನು ಚರ್ಮದ ಕಡೆ ಕಳಿಸ್ತದೆ, ಬೆವರಿ ಬೆವರಿ ರಕ್ತದ ನೀರಿನ ಅಂಶವೂ ಕಡಿಮೆ ಆಗ್ತದೆ, ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆ, ಹಾಗಾಗಿ ಒಂದು ಬಡಿತಕ್ಕೆ ದೂಡುವ ರಕ್ತವೂ ಕಡಿಮೆ, ಅದನ್ನು ತುಂಬ್ಲಿಕ್ಕೆ ಬಡಿತ ಜಾಸ್ತಿ. ಕಾಲು ಮಾಡುವ ಕೆಲಸ ಅಷ್ಟೇ ಇರ್ತದೆ, ಹಾರ್ಟ್ ರೇಟ್ ಮಾತ್ರ ಏರ್ತದೆ. ನಾನು 129 ದಾಟಬಾರದು ಅಂತ ಇನ್ನೂ ನಿಧಾನ ಮಾಡ್ತಿದ್ದೆ. ಕೆಳಗೆ ಹೋದದ್ದು ನನ್ನ ಫಿಟ್‌ನೆಸ್ ಅಲ್ಲ, ಸೆಖೆಗೆ ಕೊಟ್ಟ ಬೀಟುಗಳು. ಸೂತ್ರದಲ್ಲಿ ವಯಸ್ಸಿಗೆ ಜಾಗ ಉಂಟು, ಕಾಯಿಲೆಗೆ ಉಂಟು, ಕಾಸರಗೋಡಿನ ಏಪ್ರಿಲಿಗೆ ಇಲ್ಲ. ಇಲ್ಲಿ ಈ ಪರೀಕ್ಷೆ ಮಾಡುವವರು ಜನವರಿಯನ್ನು ಜನವರಿಗೇ ಹೋಲಿಸಿ, ಏಪ್ರಿಲಿಗೆ ಅಲ್ಲ.

ಮಳೆ ಶುರುವಾದ ಮೇಲೆ ಡ್ರಿಫ್ಟ್ ಟೆಸ್ಟ್ ಮಾಡಿದೆ, ಅಂದ್ರೆ ಒಂದೇ ವೇಗದಲ್ಲಿ ಒಂದು ಗಂಟೆ ಓಡಿದ್ರೆ ಹಾರ್ಟ್ ರೇಟ್ ಎಷ್ಟು ಏರ್ತದೆ ಅಂತ ಅಳೆಯುವುದು. ಪೇಟೆಯ ಜಿಮ್ಮಲ್ಲಿ ಫ್ಯಾನಿನ ಎದುರಿನ ಟ್ರೆಡ್‌ಮಿಲ್, ಎದೆಗೆ ಹಾರ್ಟ್ ರೇಟ್ ಅಳೆಯುವ ಸ್ಟ್ರಾಪ್. 15 ನಿಮಿಷ ಹೊರಗೆ ನಡೆದು ಮೈ ಬಿಸಿ ಮಾಡಿ, ಆಮೇಲೆ ಸ್ಪೀಡ್ ಮುಟ್ಟದೆ 60 ನಿಮಿಷ ಒಂದೇ ವೇಗ. ಮೊದಲ ಅರ್ಧ ಗಂಟೆಯ ಸರಾಸರಿ ಹಾರ್ಟ್ ರೇಟ್, ಎರಡನೇ ಅರ್ಧ ಗಂಟೆಯದ್ದು, ಇವೆರಡರ ವ್ಯತ್ಯಾಸ ಎಷ್ಟು ಶೇಕಡಾ ಅಂತ ನೋಡುವುದು. ಸುಮಾರು 5 ಒಳಗೆ ಇದ್ರೆ ಆ ವೇಗ ನಿಮ್ಮ ಬೇಸ್ ಟ್ರೈನಿಂಗಿಗೆ, ಅಂದ್ರೆ ತಿಂಗಳುಗಟ್ಟಲೆಯ ನಿಧಾನ ಓಟಕ್ಕೆ ಆಗ್ತದೆ, ಅದಕ್ಕಿಂತ ಮೇಲೆ ಹೋದ್ರೆ ನೀವು ಗಡಿ ದಾಟಿದ್ದೀರಿ.

ಗಂಟೆಗೆ 6.2 ಕಿಲೋಮೀಟರ್ ವೇಗದಲ್ಲಿ ನನಗೆ ಬಂದದ್ದು 128, 129. ಏರಲೇ ಇಲ್ಲ. ಒಂದು ವಾರ ಬಿಟ್ಟು 7.5ರಲ್ಲಿ 141, 146, ಅಂದ್ರೆ 3.5 ಶೇಕಡಾ. ಮತ್ತೊಂದು ವಾರ ಬಿಟ್ಟು 8ರಲ್ಲಿ 147, 157, ಹತ್ತಿರ ಹತ್ತಿರ 7. ಹಾಗಾಗಿ ನನ್ನ ಗಡಿ 141ರ ಆಸುಪಾಸು, ಸೂತ್ರ ಕೊಟ್ಟದ್ದಕ್ಕಿಂತ 12 ಬೀಟ್ ಮೇಲೆ.

ನಾನು ಇದನ್ನು ಭಾವನಿಗೆ ಹೇಳಿದೆ, ಅವನಿಗೆ 31, ಸೂತ್ರದ ಪ್ರಕಾರ 149, ಆರಾಮ ಓಡ್ತೇನೆ ಅಂತ ಹೇಳ್ತಿದ್ದ. ಅವನನ್ನೂ ಟ್ರೆಡ್‌ಮಿಲ್ ಹತ್ತಿಸಿದ್ರೆ 147, 159. ಎಂಟು ಶೇಕಡಾ ದಾಟಿತು. "ಎಂತ ಭಾವ, ಇಷ್ಟು ದಿನ ನಾನು ಜೋರಾಗಿಯೇ ಓಡಿದ್ದಾ?" ಅಂತ ಕೇಳಿದ. ಹೌದು. ಪ್ರತಿ ಸಂಜೆ ಅವನ ಕಾಲು ಭಾರ ಇರ್ತಿದ್ದದ್ದು ಅದಕ್ಕೇ. ವೇಗ ಇಳಿಸಿದ ಮೇಲೆ 137, 141 ಬಂತು. ಒಂದೇ ಸೂತ್ರ ನನಗೆ ಕಡಿಮೆ, ಅವನಿಗೆ ಜಾಸ್ತಿ. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಹಾರ್ಟ್ ರೇಟಲ್ಲೇ 20 ಬೀಟ್ ವ್ಯತ್ಯಾಸ ಇರುವುದು ಅಪರೂಪ ಅಲ್ಲ, ಹಾಗಿರುವಾಗ ವಯಸ್ಸೊಂದರಿಂದಲೇ ಕಳೆದು ಬಂದ ಸಂಖ್ಯೆ ಎಲ್ಲರಿಗೂ ಹೇಗೆ ಸರಿ ಬರ್ತದೆ?

ಡ್ರಿಫ್ಟ್ ಟೆಸ್ಟನ್ನೂ ಕಣ್ಣು ಮುಚ್ಚಿ ನಂಬಬೇಡಿ. ಜಿಮ್ಮಲ್ಲಿ ಫ್ಯಾನ್ ಕೆಟ್ಟ ದಿನ ಅದೇ 7.5ರಲ್ಲಿ ನನಗೆ 143, 154 ಬಂತು. ಆ ದಿನದ ಲೆಕ್ಕವನ್ನೇ ಹಿಡಿದಿದ್ರೆ ನನ್ನ ಗಡಿ ತಪ್ಪಾಗಿ ಕೆಳಗೆ ಬರ್ತಿತ್ತು. ಮತ್ತೆ ಕೆಲವು ಟ್ರೆಡ್‌ಮಿಲ್ 60 ನಿಮಿಷಕ್ಕೆ ತಾನೇ ನಿಲ್ತದೆ, ಮೈ ಬಿಸಿ ಮಾಡುವುದನ್ನು ಅದರ ಮೇಲೆ ಮಾಡಬೇಡಿ.

ಮಾತಾಡಿ ನೋಡುವ ದಾರಿಯೂ ಉಂಟು, ಖರ್ಚಿಲ್ಲ. ಓಡ್ತಾ ಓಡ್ತಾ ಉದ್ದದ ವಾಕ್ಯ ತುಂಡಾಗದೆ ಬಂದ್ರೆ ಸರಿ, ಎರಡೆರಡು ಶಬ್ದಕ್ಕೆ ಉಸಿರು ತೆಗೀಬೇಕಾದ್ರೆ ಜಾಸ್ತಿ ಆಯ್ತು. ನಾನು ಹದಿನೇಳರ ಮಗ್ಗಿ ಹೇಳ್ತೇನೆ, 141ರವರೆಗೆ ಸಲೀಸು, 148ರಲ್ಲಿ ತಡೀತದೆ. ನನ್ನ ಚಿಕ್ಕಪ್ಪ ಬೀಟಾ ಬ್ಲಾಕರ್ ಜಾತಿಯ ಬಿಪಿ ಮಾತ್ರೆ ತಗೊಳ್ತಾರೆ, ಅದು ಹಾರ್ಟ್ ರೇಟನ್ನೇ ಹಿಡಿದಿಡ್ತದೆ, ಅಂಥವರಿಗೆ 10 ಕಳೆದ ಸೂತ್ರವೂ ಬೇಡ, ಸಂಖ್ಯೆಯೇ ಬೇಡ, ಡಾಕ್ಟರ್ ಹತ್ರ ಕೇಳಿ ಮಾತಿನ ಲೆಕ್ಕದಲ್ಲಿ ನಡೆಯುವುದೇ ಒಳ್ಳೆದು.

ದುಡ್ಡಿನ ವಿಷಯ. ಮೊದಲು ತಗೊಂಡ ಕೈಗಡಿಯಾರ ವೇಸ್ಟ್ ಆಯ್ತು, ಓಡುವಾಗ ಹೆಜ್ಜೆಯ ಲಯವನ್ನೇ ಬಡಿತ ಅಂತ ತಿಳ್ಕೊಂಡು 165 ತೋರಿಸ್ತಿತ್ತು. ಮೂರೂವರೆ ಸಾವಿರದ ಸ್ಟ್ರಾಪ್ ಮೊಬೈಲಿಗೇ ಕನೆಕ್ಟ್ ಆಗ್ತದೆ, ವಾಚ್ ಬೇಡ. ಸ್ಟ್ರಾಪ್ ತಗೊಳ್ಲಿಕ್ಕೆ ಮನಸ್ಸಿಲ್ಲದವರು ಮಗ್ಗಿ ಹೇಳಿ ಓಡಿ, ಸೂತ್ರಕ್ಕಿಂತ ಅದೇ ಹತ್ತಿರ.

ಈಗ ನಾನು ಮಳೆಗಾಲದಲ್ಲೊಮ್ಮೆ, ಡಿಸೆಂಬರಲ್ಲೊಮ್ಮೆ ಡ್ರಿಫ್ಟ್ ಟೆಸ್ಟ್ ಮಾಡ್ತೇನೆ, ಮಾರ್ಚಿಂದ ಮೇವರೆಗೆ ಮೊಬೈಲ್ ನೋಡದೆ ಉಸಿರು ನೋಡಿ ಓಡ್ತೇನೆ. ಈ ಜನವರಿಲಿ ಅದೇ ಮೈದಾನದಲ್ಲಿ, ಅದೇ 129ರಲ್ಲಿ, ಕಿಲೋಮೀಟರಿಗೆ 8 ನಿಮಿಷ 30 ಸೆಕೆಂಡ್ ಬಂತು.